ಹೆಸರು ಹೇಳುವ ಧೈರ್ಯ

ಗೋಕಾಕ, ಮೂಡಲಗಿ, ಹುಕ್ಕೇರಿಯ ಸುದ್ದಿಗಳನ್ನು ವಿಡಿಯೊ ಮಾಡಿ ಹಾಕುವ ನನಗೆ ಮಳೆಗಾಲದಲ್ಲಿ ನನ್ನ ಬಗ್ಗೆ ಒಂದಿಷ್ಟು ಹೆಮ್ಮೆ ಬರುತ್ತದೆ. ಘಟಪ್ರಭಾ ಏರಿತೆಂದರೆ ಲೋಳಸೂರ ಸೇತುವೆ ಮುಳುಗಿದ ವಿಡಿಯೊಗಳು ಒಂದರ ಹಿಂದೊಂದು ಬರುತ್ತವೆ. 2019ರ ಆಗಸ್ಟಿನಲ್ಲಿ ಅದು ಮುಳುಗಿತ್ತು, 2024ರ ಜುಲೈನಲ್ಲೂ ಮುಳುಗಿತ್ತು. ಕಾಣುತ್ತಿರುವುದು ಯಾವ ವರ್ಷದ ನೀರೆಂದು ಬರೀ ನೋಡಿ ಹೇಳಲಾಗದು. ವಾಟ್ಸ್‌ಆ್ಯಪಿನಲ್ಲಿ ಕೈಯಿಂದ ಕೈಗೆ ಬಂದ ವಿಡಿಯೊದಲ್ಲಿ ತೆಗೆದ ದಿನವೂ ಉಳಿದಿರುವುದಿಲ್ಲ. ಹಾಗಾಗಿ ಕಳಿಸಿದವನಿಗೆ ಫೋನ್ ಮಾಡುತ್ತೇನೆ. “ನಾನ ಹೊಡದೇನ್ರಿ ಸರ” ಅಂದರೆ, “ಹಂಗಾರ ಅಲ್ಲೇ ನಿಂತು ಇನ್ನೊಮ್ಮಿ ಹೊಡಿಪಾ, ರಸ್ತೆ ಕಡೆನೂ ತಿರುಗಿಸು” ಅನ್ನುತ್ತೇನೆ. ಹಿಡಕಲ್ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ವಿಚಾರಿಸುತ್ತೇನೆ. ಅದಷ್ಟೇ ಸಾಲದು, ಅಣೆಕಟ್ಟಿನ ಕೆಳಗೆ ಹಿರಣ್ಯಕೇಶಿ, ಮಾರ್ಕಂಡೇಯ ಸೇರುವುದರಿಂದ ಅವುಗಳ ಸುದ್ದಿಯೂ ಬೇಕು. ಇಷ್ಟಾದ ಮೇಲೇ ವಿಡಿಯೊ ಹೊರಗೆ ಹೋಗುತ್ತದೆ.

ಸೇತುವೆಯ ವಿಷಯದಲ್ಲಿ ಇಷ್ಟು ಅನುಮಾನ ಪಡುವವನು ಮನುಷ್ಯರ ವಿಷಯದಲ್ಲಿ ಯಾಕೆ ಪಡುವುದಿಲ್ಲ?

ಬೈಕ್ ಕಳವಿನಲ್ಲಿ ಒಬ್ಬನನ್ನು ಹಿಡಿದಿದ್ದಾರೆಂದು ಪೊಲೀಸರ ಪ್ರಕಟಣೆ ಬರುತ್ತದೆ. ಹೆಸರು, ತಂದೆಯ ಹೆಸರು, ವಯಸ್ಸು, ಊರು ಎಲ್ಲ ಅದರಲ್ಲೇ ಇರುತ್ತದೆ. ನಾನು ಓದಿಬಿಡುತ್ತೇನೆ. ಓದುವಾಗ ‘ಆರೋಪಿ’ ಎಂದೇ ಅನ್ನುತ್ತೇನೆ, ಅಷ್ಟು ಎಚ್ಚರ ಇದೆ. ಆದರೆ ವಿಡಿಯೊದ ಮೇಲಿನ ದಪ್ಪಕ್ಷರದಲ್ಲಿ ‘ಕಳ್ಳ ಸಿಕ್ಕಿಬಿದ್ದ’ ಎಂದಿರುತ್ತದೆ. ಜನ ಒತ್ತುವುದು ಆ ಅಕ್ಷರ ನೋಡಿ ಎಂಬುದು ನನಗೆ ಗೊತ್ತು. ಅವನ ಮನೆಯವರಿಗೆ ಫೋನ್ ಮಾಡುವುದಿಲ್ಲ. ಸಮಯ ಇರಲಿಲ್ಲ ಅಂದುಕೊಳ್ಳುತ್ತೇನೆ.

ಅದೇ ಒಬ್ಬ ಗುತ್ತಿಗೆದಾರರ ಮೇಲೆ, ಒಬ್ಬ ಮುಖಂಡರ ಮೇಲೆ ದೂರು ಬಂದರೆ ಸಮಯ ಎಲ್ಲಿಂದಲೋ ಬರುತ್ತದೆ. ಅವರ ಕಡೆಯವರಿಗೆ ಫೋನ್ ಹೋಗುತ್ತದೆ, ಉತ್ತರಕ್ಕೆ ಒಂದು ದಿನ ಕಾಯುವುದಾಗುತ್ತದೆ, ಕೊನೆಗೆ ‘ಪ್ರಭಾವಿ ವ್ಯಕ್ತಿಯೊಬ್ಬರು’ ಎಂದು ಮುಗಿಯುತ್ತದೆ. ಇದನ್ನು ನಾನು ತಟಸ್ಥತೆ ಎಂದು ಕರೆದುಕೊಂಡಿದ್ದೇನೆ. ಭಯ ಎಂದರೆ ಪೂರ್ತಿ ನಿಜವಲ್ಲ, ನನ್ನನ್ನು ಯಾರೂ ಬೆದರಿಸಿಲ್ಲ. ಹುಟ್ಟುಹಬ್ಬದ ಶುಭಾಶಯದ ಜಾಹೀರಾತು ಅಂಥವರ ಕಡೆಯಿಂದಲೇ ಬರುತ್ತದೆ ಎಂಬುದೂ ಪೂರ್ತಿ ಕಾರಣವಲ್ಲ. ಆದರೆ ಇವೆರಡೂ ಇಲ್ಲದಿದ್ದರೆ ನಾನು ಒಂದು ದಿನ ಕಾಯುತ್ತಿದ್ದೆನೇ? ಕಾಯುವುದು ತಪ್ಪಲ್ಲ. ಬೈಕಿನವನಿಗೂ ಕಾಯಬೇಕಿತ್ತು ಎಂಬುದೇ ನನ್ನನ್ನು ಚುಚ್ಚುವುದು.

ಮಕ್ಕಳ ಮೇಲಿನ ದೌರ್ಜನ್ಯದ ಸುದ್ದಿಯಲ್ಲಂತೂ ಮುಖ ಮಸುಕು ಮಾಡಿದೊಡನೆ ನನ್ನ ಮನಸ್ಸು ಹಗುರಾಗುತ್ತದೆ. ಹಗುರಾಗಬಾರದು. ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರು, ಫೋಟೊ, ವಿಳಾಸವನ್ನಷ್ಟೇ ತಡೆಯುವುದಿಲ್ಲ. ಮನೆತನದ ವಿವರ, ಶಾಲೆ, ನೆರೆಹೊರೆ, ಗುರುತು ಹತ್ತಿಸುವ ಬೇರೆ ಯಾವುದನ್ನೂ ಹೇಳಬಾರದು ಎನ್ನುತ್ತದೆ. ಮೀರಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದೂ ಇದನ್ನೇ: ದೂರದಿಂದಲಾದರೂ ಗುರುತು ಸಿಗುವಂಥದ್ದನ್ನು ಪ್ರಕಟಿಸುವ ಹಾಗಿಲ್ಲ.

ಬೆಂಗಳೂರಿನಲ್ಲಿ ಬಡಾವಣೆಯ ಹೆಸರು ಹೇಳಿದರೆ ಯಾರಿಗೂ ಏನೂ ತಿಳಿಯದಿರಬಹುದು. ಹುಕ್ಕೇರಿ ತಾಲೂಕಿನ ಒಂದು ಹಳ್ಳಿಯ ಹೆಸರು ಹೇಳಿ, ‘ಏಳನೇ ತರಗತಿಯ ಬಾಲಕಿ’ ಎಂದರೆ ಆ ಊರಿಗೆ ಇನ್ನೇನು ಉಳಿಯಿತು? ತಾಯಿಯ ಮುಖ ಮಸುಕು ಮಾಡಿ ದನಿಯನ್ನು ಹಾಗೇ ಬಿಟ್ಟರೆ ಓಣಿಯವರೆಲ್ಲ ಗುರುತು ಹಿಡಿಯುತ್ತಾರೆ. ಹಿಂದೆ ಕಾಣುವ ಬಾಗಿಲು, ಕಟ್ಟೆ, ಬೈಕಿನ ನಂಬರೂ ಅಷ್ಟೇ ಸಾಕು. ಆರೋಪಿಯ ಹೆಸರು ಹೇಳಿ ‘ಬಾಲಕಿಯ ಚಿಕ್ಕಪ್ಪ’ ಎಂದುಬಿಟ್ಟರೆ ಮಗುವಿನ ಹೆಸರನ್ನೇ ಹೇಳಿದಂತೆ. ಇಂಥ ಕಡೆ ತಾಲೂಕಿನ ಹೆಸರಿಗೇ ನಿಲ್ಲಿಸಬೇಕು. ನಿಲ್ಲಿಸಿದರೆ ನೋಡುವವರು ಕಡಿಮೆಯಾಗುತ್ತಾರೆ. ಊರಿನ ಹೆಸರು ಕಂಡರೆ ಆ ಊರಿನವರೆಲ್ಲ ಹಂಚುತ್ತಾರೆ. ಈ ಲೆಕ್ಕ ನನ್ನ ತಲೆಯಲ್ಲಿ ಬರುವುದಿಲ್ಲ ಎಂದು ಹೇಳಲಾರೆ. ಬರುತ್ತದೆ, ಮತ್ತು ಕಾನೂನಿನ ನೆನಪಿಗಿಂತ ಮೊದಲು ಬರುತ್ತದೆ.

ಬೈಕಿನವನ ವಿಷಯಕ್ಕೆ ಬರುತ್ತೇನೆ. ಅಂಥ ಪ್ರಕರಣಗಳ ಕೊನೆ ಏನಾಯಿತೆಂದು ನಾನು ನೋಡುತ್ತಿರಲಿಲ್ಲ. ಅದು ಕಷ್ಟದ ಕೆಲಸ ಎಂದುಕೊಂಡಿದ್ದೆ. ಕಷ್ಟವಲ್ಲ: ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ಕೋರ್ಟು, ಠಾಣೆ ಆರಿಸಿ ಎಫ್‌ಐಆರ್ ಸಂಖ್ಯೆ, ವರ್ಷ ಹಾಕಿದರೆ ಪ್ರಕರಣ ಯಾವ ಹಂತದಲ್ಲಿದೆ ಎಂದು ಸಾಮಾನ್ಯವಾಗಿ ಕಾಣುತ್ತದೆ. ಬಿಡುಗಡೆಯ ಸುದ್ದಿಗೆ ನೋಡುಗರಿಲ್ಲ, ಅದಕ್ಕೇ ಹುಡುಕಲಿಲ್ಲ. ಈಗ ಹಳೆಯವನ್ನು ಒಂದೊಂದಾಗಿ ನೋಡುತ್ತಿದ್ದೇನೆ, ಬಹಳ ನಿಧಾನ. ನಮ್ಮ ವಿಡಿಯೊದಲ್ಲಿ ಆರೋಪಿ ಎಂದು ನಿಮ್ಮ ಹೆಸರೋ ನಿಮ್ಮವರ ಹೆಸರೋ ಬಂದಿದ್ದು, ಪ್ರಕರಣ ಮುಗಿದಿದ್ದರೆ ಅದರ ನಂಬರ್ ಕಳಿಸಿ. ತೀರ್ಪು ನಾನೇ ತೆಗೆಸುತ್ತೇನೆ.