ಟೆರೇಸ್ ಮೇಲಿನ ಸನ್ಮಾನ ಸಮಾರಂಭ

ನಾವು ಏಳು ಜನ. ಹಾಸ್ಟೆಲ್‌ನಲ್ಲಿ ನಮಗೆ ಊರೇ ಹೆಸರು: ಶಿರಸಿ, ಗದಗ, ಮಂಡ್ಯ, ಕೋಲಾರ, ಉಡುಪಿ, ತುಮಕೂರು, ಬೀದರ್. ವರ್ಷದ ಕೊನೆಯ ಇಂಟರ್ನಲ್ಸ್ ಮುಗಿದ ರಾತ್ರಿ ಟೆರೇಸ್ ಮೇಲೆ ಸೇರಿ ಒಬ್ಬರಿಗೊಬ್ಬರು ಪ್ರಶಸ್ತಿ ಕೊಟ್ಕೊಳ್ಳೋದು ನಮ್ಮ ಸಂಪ್ರದಾಯ. ಸಂಪ್ರದಾಯ ಅಂದ್ರೆ, ಎರಡೇ ವರ್ಷದ್ದು.

ಸನ್ಮಾನ ಅಂದ್ಮೇಲೆ ಎಲ್ಲ ಶಾಸ್ತ್ರವೂ ಇರಬೇಕು. ಮೈಸೂರು ಪೇಟದ ಜಾಗದಲ್ಲಿ ಸುತ್ತಿದ ಟವೆಲ್. ಶಾಲಿನ ಬದಲು ಬೀದರ್‌ನ ಬೆಡ್‌ಶೀಟ್. ಹಣ್ಣಿನ ಬುಟ್ಟಿ ಅಂತ ಬಕೆಟ್‌ನಲ್ಲಿ ಆರು ಬಾಳೆಹಣ್ಣು. ಸ್ಮರಣಿಕೆಗೆ ಸುಟ್ಟುಹೋದ ಬ್ರೆಡ್‌ಬೋರ್ಡ್, ಸತ್ತ ಮೌಸ್. ಕೊನೆಗೆ ಬಿನ್ನವತ್ತಳೆ. ಈ ಪದ ನಮಗೆ ಗೊತ್ತಾಗಿದ್ದೇ ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ. ಸನ್ಮಾನಿತರ ಗುಣಗಾನ ಬರೆದು, ಓದಿ, ಕೈಗೆ ಕೊಡುವ ಪತ್ರ ಅದು.

ಬಿರುದು ಕಟ್ಟೋದು ಸುಲಭ. ಚಿಕ್ಕ ಚಾಳಿ ಒಂದನ್ನು ಹಿಡಿದು, ಅದಕ್ಕೆ ದೊಡ್ಡ ಬಾಲ ಅಂಟಿಸಬೇಕು: ಭೂಷಣ, ಕೇಸರಿ, ಚಕ್ರವರ್ತಿ. ಮಂಡ್ಯ ಯಾವಾಗಲೂ "ಐದ್ ನಿಮ್ಸ ಕಣ್ಲಾ, ಬಂದೆ" ಅಂತಾನೆ, ಅಂದ್ಮೇಲೆ ಸ್ನಾನಕ್ಕೆ ಹೋಗ್ತಾನೆ. ಅವನು "ಐದ್ ನಿಮಿಷ ಚಕ್ರವರ್ತಿ". ಆದರೆ ಜನ ಬಿದ್ದು ಬಿದ್ದು ನಗೋದು ಬಿರುದಿಗಲ್ಲ, ಬಿನ್ನವತ್ತಳೆಗೆ. "ಸಿನಿಮಾಕ್ಕೆ ಹೊರಟು ಇಂಟರ್ವಲ್‌ಗೆ ತಲುಪಿದ, ಆದರೂ ಪಾಪ್‌ಕಾರ್ನ್ ಕ್ಯೂನಲ್ಲಿ ಎಲ್ಲರಿಗಿಂತ ಮುಂದೆ ನಿಂತಿದ್ದ ಮಹನೀಯರೇ" ಅಂತ ಓದಿದಾಗ ಮಂಡ್ಯನೇ ಎಲ್ಲರಿಗಿಂತ ಜೋರಾಗಿ ನಕ್ಕ. ಅದು ನಿಜವಾಗಿ ನಡೆದದ್ದು, ಅವತ್ತು ಅವನ ಜೊತೆ ನಾವೂ ಇದ್ದವರು.

ಫಸ್ಟ್ ಇಯರ್‌ನಲ್ಲಿ ನಾವು ಎಡವಿದ್ದು ಗದಗ್‌ನ ವಿಷಯದಲ್ಲಿ. ಊಟದ ಬಿಲ್ ಹಂಚಿದಾಗೆಲ್ಲ ಅವನು "ಮುಂದಿನ ತಿಂಗಳು ಕೊಡ್ತೀನಿ ತಡೀರಲೇ" ಅಂತಿದ್ದ. ನಾವು "ಮುಂದಿನ ತಿಂಗಳ ಮಹಾರಾಜ" ಅಂತ ಬಿರುದು ಕೊಟ್ವಿ. ಬಿನ್ನವತ್ತಳೆಯಲ್ಲಿ ಬಾಕಿ ಲೆಕ್ಕವನ್ನೂ ಓದಿದ್ವಿ. ಗದಗ ನಕ್ಕ, ಟವೆಲ್ ಪೇಟ ಹಾಕಿಸಿಕೊಂಡ, ಫೋಟೋಗೆ ನಿಂತ. ಆಮೇಲೆ ವಿಡಿಯೋ ನೋಡಿದಾಗ ಒಂದು ಕಾಣಿಸಿತು: ನಗೋಕೆ ಮುಂಚೆ ಅವನು ಒಂದು ಕ್ಷಣ ನಮ್ಮೆಲ್ಲರ ಮುಖ ನೋಡಿದ್ದ. ಬೇರೆ ಯಾರೂ ಹಾಗೆ ನೋಡಿರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮೆಲ್ಲರ ಫೋನಿಗೂ ಅವನಿಂದ ದುಡ್ಡು ಬಂತು. ಒಬ್ಬನಿಗೆ 340 ರೂಪಾಯಿ, ಇನ್ನೊಬ್ಬನಿಗೆ 85. ಪೈಸೆ ಬಾಕಿ ಇಲ್ಲ. ಸ್ಕಾಲರ್‌ಶಿಪ್ ಇನ್ನೂ ಜಮಾ ಆಗಿಲ್ಲ, ಈ ದುಡ್ಡು ಅಕ್ಕನ ಹತ್ತಿರ ಕೇಳಿ ತಂದದ್ದು ಅಂತ ಶಿರಸಿಗೆ ಗೊತ್ತಾಗಿದ್ದು ಒಂದು ವಾರದ ಮೇಲೆ. "ನೀವು ನಗಾಡಿದ್ರಿ, ನಾನೂ ನಕ್ಕೆ. ಅದರಾಗ ಏನೈತಿ?" ಅಂದಿದ್ದ. ನಾವು ಸಾರಿ ಕೇಳಿದ್ವಿ, ಆದರೆ ಆ ದುಡ್ಡನ್ನು ಅವನು ವಾಪಸ್ ತಗೊಳ್ಳಲಿಲ್ಲ.

ಈ ವರ್ಷ ಪ್ರಶಸ್ತಿನೇ ಬೇಡ ಅಂತ ಕೋಲಾರ ಅಂದ. ಆಗ ಉಡುಪಿ ಇಗ್ ನೊಬೆಲ್ ವಿಷಯ ಹೇಳಿದ. 1991ರಿಂದ ವಿಚಿತ್ರ ಸಂಶೋಧನೆಗಳಿಗೆ ಕೊಡುವ ತಮಾಷೆ ಬಹುಮಾನ ಅದು. ಘೋಷಿಸೋ ಮುಂಚೆ ಗೆದ್ದವರನ್ನು ಗುಟ್ಟಾಗಿ ಸಂಪರ್ಕಿಸಿ, ಬೇಡ ಅನ್ನೋದಕ್ಕೆ ಅವಕಾಶ ಕೊಡ್ತಾರಂತೆ. ನಮಗೆ ಅದು ಸರಿ ಅನ್ನಿಸಿತು. ಆದರೆ ಮೊದಲೇ ಹೇಳಿಬಿಟ್ರೆ ಮಜಾ ಹೋಗುತ್ತೆ. ಅದಕ್ಕೆ ಬಿನ್ನವತ್ತಳೆಯನ್ನು ಮೊದಲು ರೂಮ್‌ಮೇಟ್‌ಗೆ ತೋರಿಸೋದು ಅಂತ ಮಾಡಿದ್ವಿ. ಯಾವ ಮಾತು ಎಲ್ಲಿ ಚುಚ್ಚುತ್ತೆ ಅಂತ ಅವನಿಗೆ ಗೊತ್ತಿರುತ್ತೆ. ಅವನು ಬೇಡ ಅಂದ್ರೆ ಕಾರಣ ಕೇಳೋ ಹಾಗಿಲ್ಲ, ಚೀಟಿ ಹರಿಯಬೇಕು. ಈ ಸಲ ಎರಡು ಹರಿದ್ವಿ. ಕಾರಣ ನಮಗೆ ಇವತ್ತಿಗೂ ಗೊತ್ತಿಲ್ಲ.

ಗದಗ್‌ಗೆ ಈ ವರ್ಷ "ಅಲಾರಂ ಕೇಸರಿ". ಲ್ಯಾಬ್ ಎಕ್ಸಾಮ್ ದಿನ ಆರು ಜನರ ಬಾಗಿಲನ್ನೂ ಚಪ್ಪಲಿಯಲ್ಲಿ ಬಡಿದು ಎಬ್ಬಿಸಿದ್ದಕ್ಕೆ. ಬಿನ್ನವತ್ತಳೆ ಓದುವಾಗ ನಾವು ಕಾಗದಕ್ಕಿಂತ ಜಾಸ್ತಿ ಅವನ ಮುಖ ನೋಡ್ತಿದ್ವಿ. ಅವನು ಯಾರ ಮುಖವನ್ನೂ ನೋಡಲಿಲ್ಲ, ಮೊದಲ ಸಾಲಿಗೇ ನಕ್ಕುಬಿಟ್ಟ.

ಆಮೇಲೆ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದ. ಹೋದ ವರ್ಷದ್ದು.

"ಇದನ್ನ ವಾಪಸ್ ಮಾಡಾಕತ್ತೀನಿ. ಬ್ರೆಡ್‌ಬೋರ್ಡ್ ಮಾತ್ರ ಕೊಡಂಗಿಲ್ಲ, ಅದರಾಗ ಅರ್ಧ ಇನ್ನೂ ಕೆಲಸ ಮಾಡ್ತೈತಿ."