ಸಲಾಕಿ ಎಷ್ಟ ಇಳದೈತಿ?

ರಾಜ್ಯೋತ್ಸವಕ್ಕೆ ಒಂದು ಲಾವಣಿ ಬರೆದುಕೊಡು ಅಂತ ಕ್ಲಬ್‌ನಲ್ಲಿ ಕೇಳಿದಾಗ ನಾನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದ್ದೆ. ಬರಗಾಲ, ಸಾಲ, ಕೊನೆಗೆ ಬೇವಿನ ಮರ, ಹಗ್ಗ. ಹಾಸ್ಟೆಲ್‌ನಲ್ಲಿ ಇಬ್ಬರ ಕಣ್ಣಲ್ಲಿ ನೀರು ಬಂತು, ನನಗೂ ಖುಷಿಯಾಯ್ತು. ಅದು ವಿಜಯಪುರದ ಕಡೆ ಇರೋ ನಮ್ಮ ಕಾಕಾನ ಹೊಲದ ಕಥೆ ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೆ. ಹಾಗಾಗಿ ಫೋನಿನಲ್ಲಿ ಕಾಕಾಗೂ ಓದಿದೆ.

ಕಾಕಾ ಪೂರ್ತಿ ಕೇಳಿ, "ಎಲ್ಲಾ ಛಲೋ ಐತಿ ತಮ್ಮಾ, ಆದ್ರ ನನ್ನ ಯಾಕ ಸಾಯಿಸಿದಿ?" ಅಂದ್ರು.

ನನ್ನ ಹತ್ರ ಉತ್ತರ ಇರಲಿಲ್ಲ. ನಾನು ಬರೆದಿದ್ದು 2023ರ ಹಿಂಗಾರಿನ ಬಗ್ಗೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದ ವರ್ಷ ಅದು. ಆದರೆ ನನ್ನ ಲಾವಣಿಯಲ್ಲಿ ಹೊಲವೇ ಇರಲಿಲ್ಲ. ಆ ನಾಲ್ಕು ಎಕರೆಯಲ್ಲಿ ಏನೇನಾಯ್ತು ಅಂತ ಆಮೇಲೆ ಕಾಕಾನನ್ನೇ ಕೇಳುತ್ತಾ ಹೋದೆ.

ಹಿಂಗಾರಿ ಬಿಳಿಜೋಳ ಮಳೆಯಲ್ಲಿ ಬೆಳೆಯುವ ಬೆಳೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ. ಅದು ಮಳೆ ಮುಗಿದ ಮೇಲೆ ಬೆಳೆಯುತ್ತೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬಿತ್ತಿದರೆ, ಮುಂದಿನ ನಾಲ್ಕು ತಿಂಗಳು ಕರಿಮಣ್ಣು ಹೊಟ್ಟೆಯಲ್ಲಿ ಇಟ್ಟುಕೊಂಡ ನೀರೇ ಅದರ ಜೀವ. ಒಂದು ಥರ ಬ್ಯಾಟರಿ. ಚಾರ್ಜ್ ಎಷ್ಟಾಗಿದೆ ಅಂತ ನೋಡೋಕೆ ಕಾಕಾನ ಹತ್ರ ಒಂದು ಕಬ್ಬಿಣದ ಸಲಾಕಿ ಇದೆ. ಹಸಿ ಮಣ್ಣಿನಲ್ಲಿ ಒತ್ತಿದರೆ ಇಳಿಯುತ್ತಾ ಹೋಗುತ್ತೆ, ಒಣ ಮಣ್ಣು ಸಿಕ್ಕಲ್ಲಿ ಗಟ್ಟಿಯಾಗಿ ನಿಲ್ಲುತ್ತೆ. ನಮ್ಮ ಲ್ಯಾಬ್‌ನ ಯಾವ ಸೆನ್ಸರ್‌ಗೂ ಇಷ್ಟು ಸರಳ ಔಟ್‌ಪುಟ್ ಇಲ್ಲ.

ಒಳ್ಳೆ ವರ್ಷ ಆ ಹೊಲದಲ್ಲಿ ಸಲಾಕಿ ಮೂರು ಅಡಿ ಇಳಿಯುತ್ತಂತೆ. ಆ ವರ್ಷ ಉತ್ತರಿ ಮಳೆ ಆದ ಮೇಲೆ ಒಂದೂವರೆ ಅಡಿಗೆ ನಿಂತಿತು. ಅಂದರೆ ಬಿತ್ತುವ ದಿನವೇ ಕಾಕಾಗೆ ಗೊತ್ತಿತ್ತು. ಆದರೂ ಎಕರೆಗೆ ಮೂರು ಕೆಜಿಯಂತೆ ಹನ್ನೆರಡು ಕೆಜಿ ಬೀಜ ಕೂರಿಗೆಗೆ ಹಾಕಿದರು. ಯಾಕೆ ಅಂತ ಕೇಳಿದೆ. "ಹಸ್ತಾ ಮಳಿ ಇನ್ನೂ ಇತ್ತಲ್ಲೋ" ಅಂದ್ರು. ಆ ಮಾತಿನಿಂದಲೇ ಹೊಸ ಲಾವಣಿ ಶುರುವಾಯ್ತು:

ಉತ್ತರಿ ಮಳಿಗಿ ಹೊಲಾ ತೊಯ್ತ, ಸಲಾಕಿ ಎಷ್ಟ ಇಳದೈತಿ?
ಒಂದೂವರಿ ಅಡಿಗಿ ನಿಂತೈತಿ, ಹಸ್ತಾ ಇನ್ನೂ ಉಳದೈತಿ.

ಹಸ್ತಾ ಹೋತು ಚಿತ್ತಾ ಹೋತು, ಸಲಾಕಿ ಎಷ್ಟ ಇಳದೈತಿ?
ಅಷ್ಟಕ್ಕ ಅಷ್ಟ ನಿಂತೈತಿ, ಸ್ವಾತಿ ಒಂದು ಉಳದೈತಿ.

ಒಂದೊಂದು ಮಳೆಯ ಹೆಸರಿಗೆ ಒಂದೊಂದು ನುಡಿ. ರೈತ ಎಲ್ಲೂ ಕಾಣಿಸಲ್ಲ. ಹಿಮ್ಮೇಳದವರು ಪ್ರತಿ ಸಲ ಅದೇ ಪ್ರಶ್ನೆ ಕೇಳ್ತಾರೆ, ಅಷ್ಟೇ.

ಮಳೆಯ ಹೆಸರುಗಳು ಮುಗಿದ ಮೇಲೆ ಏನು ಬರೆಯಬೇಕು ಅಂತ ಕಷ್ಟವಾಯ್ತು. ಯಾಕಂದ್ರೆ ಸ್ವಾತಿಯ ನಂತರ ಎರಡು ತಿಂಗಳು ಏನೂ 'ನಡೆಯಲ್ಲ'. ಕಾಕಾ ಎಡೆಕುಂಟೆ ಹೊಡೆದರು, ಮೂರು ಸಲ. ಕಳೆ ತೆಗೆಯೋಕೆ ಅಲ್ಲ, ಕಳೆ ಹುಟ್ಟೋಕೂ ನೀರು ಇರಲಿಲ್ಲ. ಕರಿಮಣ್ಣು ಒಣಗಿದರೆ ಬಿರಿಯುತ್ತೆ, ಆ ಬಿರುಕಿನಿಂದ ಕೆಳಗಿನ ಹಸಿಯೂ ಆರಿಹೋಗುತ್ತೆ. ಕುಂಟೆ ಆ ಬಾಯಿಗಳನ್ನು ಸಡಿಲ ಮಣ್ಣಿನಿಂದ ಮುಚ್ಚುತ್ತೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ಎಲೆ ಸುರುಳಿ ಸುತ್ತಿ ಸಂಜೆ ಬಿಚ್ಚುತ್ತಿತ್ತು. ಅಲ್ಲಿವರೆಗೂ ಆಸೆ ಇರುತ್ತೆ. ಒಂದು ದಿನ ಬೆಳಿಗ್ಗೆ ಹೋದಾಗಲೂ ಎಲೆ ಸುತ್ತಿಕೊಂಡೇ ಇತ್ತಂತೆ. ಕಾಕಾ ಅವತ್ತು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಎಳ್ಳ ಅಮಾವಾಸ್ಯೆಗೆ ನಾನೂ ಊರಿಗೆ ಹೋಗಿದ್ದೆ, 2024ರ ಜನವರಿ. ಸಜ್ಜಿ ಕಡುಬು, ಪುಂಡಿಪಲ್ಯ ಎಲ್ಲಾ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಅರ್ಧಕ್ಕರ್ಧ ತೆನೆ ಗರಿಯಿಂದ ಪೂರ್ತಿ ಹೊರಗೇ ಬಂದಿರಲಿಲ್ಲ. ನಾನು ಫೋಟೋ ತೆಗೆದು ಸ್ಟೇಟಸ್ ಹಾಕಿದೆ. ಹೊಲ ಹಸಿರಾಗಿ ಕಂಡಿತ್ತು ನನಗೆ.

ರಾಶಿ ಆದಾಗ ನಾಲ್ಕು ಎಕರೆಗೆ ಮೂರು ಚೀಲ. ಕಣಿಕೆ ಮನೆಯ ಎತ್ತುಗಳಿಗೇ ಸಾಕಾಗಲಿಲ್ಲ. ಇದನ್ನು ಕಾಕಾ ಬೇರೆಯವರ ಲೆಕ್ಕ ಹೇಳಿದಂಗೆ ಹೇಳಿದರು.

ಧ್ವನಿ ಸ್ವಲ್ಪ ಇಳಿದದ್ದು ಬೇರೆ ವಿಷಯಕ್ಕೆ. ನಮ್ಮಲ್ಲಿ ರಾಶಿಗೆ ಮೊದಲು ಒಳ್ಳೆ ತೆನೆ ಆರಿಸಿ, ಕಟ್ಟಿ, ಜಂತಿಗೆ ತೂಗುಹಾಕ್ತಾರೆ, ಮುಂದಿನ ವರ್ಷದ ಬೀಜಕ್ಕೆ. ಕಾಕಾನ ಅಜ್ಜನ ಕಾಲದಿಂದ ಅದೇ ಜೋಳ ಬಂದಿತ್ತು. ಆ ವರ್ಷ ಕಟ್ಟುವಂಥ ತೆನೆ ಸಿಗಲಿಲ್ಲ. ಮುಂದಿನ ಹಿಂಗಾರಿಗೆ ರೈತ ಸಂಪರ್ಕ ಕೇಂದ್ರದಿಂದ ಬೀಜ ತಂದರು. ಅದೂ ಛಲೋನೇ ಬಂತು ಅಂತಾರೆ.

ಬೇವಿನ ಮರದ ನುಡಿ ತೆಗೆದು ಆ ಖಾಲಿ ಜಂತಿಯ ನುಡಿ ಹಾಕಿದೆ. ಕ್ಲೈಮ್ಯಾಕ್ಸ್ ಇಲ್ಲ ಅಂತ ಗೆಳೆಯರು ಅಂದರು, ಪ್ರ್ಯಾಕ್ಟೀಸ್‌ನಲ್ಲಿ ಯಾರೂ ಅಳಲೂ ಇಲ್ಲ. ಕಾಕಾಗೆ ಮತ್ತೆ ಫೋನ್ ಮಾಡಿ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಂತಿ ಅಲ್ಲೋ, ನಾವು ಕಟ್ಟೂದು ಪಡಸಾಲಿ ಗೂಟಕ್ಕ. ಅದೊಂದು ತಿದ್ದು" ಅಂದ್ರು.

ತಿದ್ದಿದ್ದೇನೆ.