ಮೂರನೇ ಟೂಲು

ಬೆಳಿಗ್ಗೆ ಒಂಬತ್ತೂವರೆ. ಛತ್ರಪತಿ ಸಂಭಾಜಿನಗರದ ವಾಳೂಜ್ ಎಂಐಡಿಸಿ. ಹೊರಗೆ ಬಜಾಜ್ ಕಡೆ ಹೋಗುವ ಟೆಂಪೋಗಳ ಸಾಲು, ಒಳಗೆ ಕೂಲಂಟ್ ವಾಸನೆ. ಎಚ್‌ಆರ್ ಮ್ಯಾಡಮ್ ನನ್ನ ಮುಂದೆ ಒಂದು ಬಯೋಡಾಟಾ ಇಟ್ಟು, ಕೆಂಪು ಪೆನ್ನಿನಿಂದ ಒಂದು ಶಬ್ದದ ಕೆಳಗೆ ಗೆರೆ ಎಳೆಯುತ್ತಾರೆ. ಫಾನುಕ್. ನಮ್ಮ ಜಾಹೀರಾತಿನಲ್ಲಿ ಇದ್ದದ್ದು "ವಿಎಂಸಿ ಸೆಟ್ಟರ್, ಸೀಮೆನ್ಸ್ 828ಡಿ, ಐದು ವರ್ಷದ ಅನುಭವ."

"ಇವನದು ಬರೋದಿಲ್ಲವಲ್ಲ ಸರ್?"

ಹುಡುಗ ನಾಸಿಕದಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದಾನೆ. ಅಂಬಡದ ಒಂದು ಶಾಪಿನಲ್ಲಿ ಆರು ವರ್ಷ, ಬರೀ ಫಾನುಕ್. ಊರು ಅಕ್ಕಲಕೋಟ ತಾಲ್ಲೂಕು ಅಂದಾಗ ನನ್ನ ಮರಾಠಿ ತಾನಾಗಿ ನಿಲ್ಲುತ್ತದೆ.

ಸೀಮೆನ್ಸ್ ಬರುತ್ತದೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಆ ಉತ್ತರ ಕಾಗದದಲ್ಲೇ ಇದೆ.

"ತಮ್ಮಾ, ನಡುರಾತ್ರಿ ಮೂರನೇ ನಂಬರಿನ ಡ್ರಿಲ್ಲು ಮುರೀತು. ಹೊಸಾದು ಹಾಕಿದಿ. ಮುಂದ?"

"ಲೆಂಗ್ತ್ ಮತ್ತ ತಗೋಬೇಕ್ರಿ. ಅದಕ್ಕೂ ಮೊದಲ ಹಳೇ ಡ್ರಿಲ್ಲಿನ ವೇರ್ ಜೀರೋ ಮಾಡಬೇಕ್ರಿ. ಇಲ್ಲಾಂದ್ರ ಹಳೇದರ ಸವೆತ ಹೊಸಾದಕ್ಕ ಹತ್ತತೈತ್ರಿ. ಮೊದಲ್ನೇ ಪೀಸ್ ಸಿಂಗಲ್ ಬ್ಲಾಕಿನಾಗ."

ಎರಡನೇ ವಾಕ್ಯಕ್ಕೆ ನಾನು ಪೆನ್ನು ಕೆಳಗಿಡುತ್ತೇನೆ. ಲೆಂಗ್ತ್ ಎಲ್ಲರೂ ಹೇಳುತ್ತಾರೆ. ವೇರ್ ನೆನಪಾಗುವುದು ಒಮ್ಮೆಯಾದರೂ ಕೈ ಸುಟ್ಟುಕೊಂಡವನಿಗೆ. ಆ ನೆನಪು ಯಾವ ಕಂಟ್ರೋಲಿನ ಆಸ್ತಿಯೂ ಅಲ್ಲ.

ಶಾಪಿಗೆ ಇಳಿಯುತ್ತೇವೆ. ಒಂದು ತೂತಿನ ಕೆಲಸ ಕೊಡುತ್ತೇನೆ. ಅವನು ಹಾಳೆಯಲ್ಲಿ ಬರೆದ ನಡುವಿನ ಸಾಲುಗಳು ಹೀಗಿವೆ:

```
T3 M6
G43 H3 Z100.
G81 X20. Y20. Z-15. R2. F120
```

ಅಚ್ಚುಕಟ್ಟಾದ ಫಾನುಕ್. ತಿದ್ದದೆ ಹಾಗೇ ಟೈಪ್ ಮಾಡಿಸುತ್ತೇನೆ. ಟೇಬಲ್ ಮೇಲೆ ಜಾಬ್ ಇಲ್ಲ. ಸಿಂಗಲ್ ಬ್ಲಾಕ್, ಫೀಡ್ ಕೆಳಗೆ. ಟೂಲ್ ಬದಲಾಗುತ್ತದೆ, ಎರಡನೇ ಸಾಲಿಗೆ ಬಂದು ಮಶೀನು ನಿಲ್ಲುತ್ತದೆ. ಪರದೆಯ ಮೇಲೆ ಕೆಂಪು ಅಲಾರಂ: ಈ ಜಿ ಕೋಡ್ ನನಗೆ ಗೊತ್ತಿಲ್ಲ. ಹುಡುಗನ ಮುಖ ಇಳಿಯುತ್ತದೆ. ನನಗೆ ಸಮಾಧಾನ.

ಯಾಕೆಂದರೆ ನಾನು ತೂಗುತ್ತಿರುವುದು ಅವನ ತಪ್ಪನ್ನಲ್ಲ, ತಪ್ಪು ಮಾಡಿದರೆ ಮಶೀನು ಕೂಗುತ್ತದೋ ಸುಮ್ಮನಿರುತ್ತದೋ ಎನ್ನುವುದನ್ನು. ನಮ್ಮ ಸೀಮೆನ್ಸಿನಲ್ಲಿ ಟೂಲ್ ಬಂದೊಡನೆ ಅದರ ಲೆಂಗ್ತ್ `D1` ಆಗಿ ತಾನೇ ಹತ್ತುತ್ತದೆ, `G43` ಬೇಕಿಲ್ಲ. ಫಾನುಕ್‌ನವನು ಅಭ್ಯಾಸಬಲದಿಂದ ಬರೆದರೆ ಅಲಾರಂ, ಅಷ್ಟೇ. ತಿರುವುಮುರುವು ಮಾಡಿ ನೋಡಿ. ಸೀಮೆನ್ಸಿನವನು ಫಾನುಕ್‌ಗೆ ಹೋಗಿ `G43` ಮರೆತರೆ ಅಲಾರಂ ಬರುವುದಿಲ್ಲ, ಸ್ಪಿಂಡಲ್ಲೇ ಟೇಬಲ್ಲಿಗೆ ಬರುತ್ತದೆ. ಹಿಂದೆ ನಾನಿದ್ದ ಒಂದು ಶಾಪಿನಲ್ಲಿ ಹಾಗೇ ಆಯಿತು, ಸದ್ದು ಕ್ಯಾಂಟೀನಿಗೆ ಕೇಳಿತ್ತು. ಚುಕ್ಕೆಯ ಕಥೆಯೂ ಅದೇ. ಸೀಮೆನ್ಸಿನಲ್ಲಿ `X100` ಅಂದರೆ ನೂರು ಮಿಲಿಮೀಟರು. ಎಷ್ಟೋ ಫಾನುಕ್‌ಗಳಲ್ಲಿ ಚುಕ್ಕೆ ಇಲ್ಲದ `X100` ಅಂದರೆ ನೂರು ಮೈಕ್ರಾನು. ಅಂತೂ ಸೀಮೆನ್ಸ್ ಬಲ್ಲವನು ಫಾನುಕ್ ಕೆಲಸ ಕೇಳಿ ಬಂದಿದ್ದರೆ ನಾನು ಇಷ್ಟು ಸುಲಭವಾಗಿ ಒಪ್ಪುತ್ತಿರಲಿಲ್ಲ.

"`G291` ಹಾಕಿದ್ರ ಇದೂ ಫಾನುಕ್ ಓದತೈತಂತಲ್ರಿ?" ಅನ್ನುತ್ತಾನೆ. ಕೇಳಿ ತಿಳಿದಿದ್ದಾನೆ, ಪರವಾಗಿಲ್ಲ. ಆದರೆ ಮೊದಲ ವಾರವೇ ಆ ಊರುಗೋಲು ಬೇಡ. ನಮ್ಮ ಪ್ರೋಗ್ರಾಂಗಳೆಲ್ಲ ಸೀಮೆನ್ಸ್ ಭಾಷೆಯವು, ಅವನ್ನು ಇವನು ಓದಲೇಬೇಕು. ಅದೇ ತೂತನ್ನು ಬರೆದು ತೋರಿಸುತ್ತೇನೆ:

```
T3
M6
F120
MCALL CYCLE81(50,0,2,-15)
X20 Y20
MCALL
```

ಒಂದು ನಿಮಿಷ ಸುಮ್ಮನೆ ನೋಡುತ್ತಾನೆ. "ಐವತ್ತು ಮ್ಯಾಲೆ ಹೋಗೋದು, ಸೊನ್ನೆ ಜಾಬಿನ ಮುಖ, ಎರಡು ಗ್ಯಾಪ್ರಿ. ಕಡೀ ಎಂಕಾಲ್ ಅಂದ್ರ ನಮ್ಮ `G80`, ಹೌದಲ್ರಿ?"

ಹೌದು. ತೂತು ಅದೇ, ಹೆಸರು ಬೇರೆ.

ಮ್ಯಾಡಮ್ ಬಾಗಿಲಲ್ಲಿ ನಿಂತು ಹೂಂ ಅನ್ನಲೋ ಉಹೂಂ ಅನ್ನಲೋ ಎಂದು ಕಾಯುತ್ತಿದ್ದಾರೆ. ನಾಳೆಯಿಂದಲೇ ಒಬ್ಬನೇ ನೈಟ್ ಶಿಫ್ಟ್ ಅಂತಾದರೆ ಇವನು ಬೇಡ, ಎರಡು ಗಂಟೆಗೆ ಬಂದ ಅಲಾರಂ ಬೆಳಗಿನತನಕ ಹಾಗೇ ಇರುತ್ತದೆ. ಹದಿನೈದು ದಿನ ಡೇ ಶಿಫ್ಟಿನಲ್ಲಿ ನನ್ನ ಹಳೇ ಸೆಟ್ಟರ್ ಪಕ್ಕ ನಿಲ್ಲಿಸಬಹುದಾದರೆ ಬೇಕು. ಪ್ರೋಗ್ರಾಂಗಳನ್ನೆಲ್ಲ ಮೊದಲಿಂದ ಬರೆಯುವ ಹುದ್ದೆಯಾಗಿದ್ದರೆ ಬೇರೆ ಮಾತು. ಅಲ್ಲಿ ಮ್ಯಾಕ್ರೋದ `#100` ಹೋಗಿ `R100` ಬರುತ್ತದೆ, ಲೆಕ್ಕವನ್ನೇ ಹೊಸದಾಗಿ ಕಟ್ಟಬೇಕು, ಹದಿನೈದು ದಿನ ಸಾಲದು. ನಮ್ಮದು ಸೆಟ್ಟಿಂಗು. ಮ್ಯಾಡಮ್‌ಗೆ ಇಷ್ಟನ್ನೇ ಹೇಳುತ್ತೇನೆ. ಅವರು ಬರೆದುಕೊಳ್ಳುತ್ತಾರೆ.

ತಿರುಗಿ ನೋಡಿದರೆ ಹುಡುಗ ಆಫ್‌ಸೆಟ್ ಕೀ ಒತ್ತಿ ಪರದೆ ಹುಡುಕುತ್ತಿದ್ದಾನೆ. ಟೂಲ್ ಲಿಸ್ಟ್ ದಾಟಿ ಟೂಲ್ ವೇರ್‌ಗೆ ಬಂದು ನಿಲ್ಲುತ್ತಾನೆ. ಮೂರನೇ ಸಾಲಿಗೆ ಬೆರಳಿಡುತ್ತಾನೆ, ಗಾಜಿಗೆ ತಾಗಿಸದೆ.

"ಸರ, ಇಲ್ಲಿ 0.08 ಐತಿ. ಡ್ರಿಲ್ ನೋಡಿದ್ರ ಹೊಸಾದ ಐತಲ್ರಿ. ರಾತ್ರಿ ಯಾರಿದ್ರು?"